ಕೆಂಪೇಗೌಡರ ಬೆಲೆ

ನಮ್ಮ ಕಡೆ ಎಲೆಯಾಟ ಎಂದರೆ ಎರಡೇ ಅರ್ಥ. ಮದುವೆಯ ಹಿಂದಿನ ರಾತ್ರಿ ಛತ್ರದ ಮೂಲೆಯಲ್ಲಿ ಜಮಖಾನ ಹಾಸಿಕೊಂಡು ಆಡುವ ರಮ್ಮಿ ಒಂದು. ಅಂದರ್ ಬಾಹರ್ ಆಡಿ ಸಿಕ್ಕಿಬಿದ್ದವರ ಸುದ್ದಿ, ಪತ್ರಿಕೆಯ ಒಳಪುಟದ್ದು, ಇನ್ನೊಂದು. ಹೀಗಿರುವಾಗ ‘ನಾನು ಹೊಸದೊಂದು ಎಲೆಯಾಟ ಕಟ್ಟುತ್ತಿದ್ದೇನೆ’ ಎಂದು ಮಾಗಡಿಯ ನನ್ನ ಮಾವನಿಗೆ ಹೇಳಿದ್ದು ತಪ್ಪಾಯಿತು. ಅವರು ಕನ್ನಡಕ ತೆಗೆದು ಮಗಳ ಮುಖ ನೋಡಿದರು. ‘ಕೆಲಸ ಇದೆ ತಾನೆ ಅಳಿಯಂದಿರಿಗೆ?’ ಎಂಬುದು ಆ ನೋಟ.

ಕೆಲಸ ಇತ್ತು. ಬೆಂಗಳೂರಿನಲ್ಲಿತ್ತು. ದಿನಾ ರಾಮನಗರದಿಂದ ರೈಲಿನಲ್ಲಿ ಹೋಗಿಬರುವ ಆ ಎರಡು ಹೊತ್ತಿನಲ್ಲೇ ಆಟ ಹುಟ್ಟಿದ್ದು. ಜಿಲ್ಲೆಯ ನಾಲ್ಕು ತಾಲ್ಲೂಕಿಗೆ ನಾಲ್ಕು ಬಣ್ಣ: ರಾಮನಗರಕ್ಕೆ ರೇಷ್ಮೆ, ಚನ್ನಪಟ್ಟಣಕ್ಕೆ ಗೊಂಬೆ, ಕನಕಪುರಕ್ಕೆ ಬಂಡೆ, ಮಾಗಡಿಗೆ ಕೋಟೆ. 2007ರಲ್ಲಿ ಜಿಲ್ಲೆಯಾದಾಗ ಇದ್ದ ಲೆಕ್ಕ ಅದು. ಆಮೇಲೆ ಹಾರೋಹಳ್ಳಿಯೂ ತಾಲ್ಲೂಕಾಯಿತು, ‘ನಮ್ಮದೆಲ್ಲಿ?’ ಎಂದು ಅಲ್ಲಿನ ಷಡ್ಡಕರು ಕೇಳಿದರು. 2025ರಲ್ಲಿ ಜಿಲ್ಲೆಯ ಹೆಸರೇ ಬೆಂಗಳೂರು ದಕ್ಷಿಣ ಎಂದಾಯಿತು. ಪೆಟ್ಟಿಗೆಯ ಮೇಲೆ ಏನು ಅಚ್ಚು ಹಾಕಿಸಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ.

ನಿಯಮ ಸರಳ. ಒಬ್ಬೊಬ್ಬರಿಗೆ 20 ಎಲೆಗಳ ಕಟ್ಟು, ಮೊದಲಿಗೆ ಕೈಗೆ 4, ಆಮೇಲೆ ಸರದಿಗೊಂದು. ಮೊದಲ ಸರದಿಯಲ್ಲಿ ಖರ್ಚಿಗೆ 1 ಕಾಸು, ಎರಡನೆಯದರಲ್ಲಿ 2, ಮೂರನೆಯದರಲ್ಲಿ 3. ಉಳಿಸಿಕೊಳ್ಳುವ ಹಾಗಿಲ್ಲ. ಪ್ರತಿ ಎಲೆಗೂ ಒಂದು ಬೆಲೆ, ಒಂದು ಬಲ, ಒಂದು ತಾಳಿಕೆ. ಎದುರಾಳಿಯ 20 ಜೀವ ಕಳೆದವರು ಗೆದ್ದರು. ಇಷ್ಟನ್ನು ಬರೆಯಲು ಒಂದು ವಾರ ಹಿಡಿಯಿತು. ಎಲೆಗಳಿಗೆ ಬೆಲೆ ಕಟ್ಟಲು ಒಂದು ವರ್ಷ.

ಬೆಲೆ ಕಟ್ಟುವುದಕ್ಕೆ ಸ್ಪ್ರೆಡ್‌ಶೀಟ್ ತೆರೆದೆ. ಯಾವ ಚಮತ್ಕಾರವೂ ಇಲ್ಲದ ಬೋಳು ಎಲೆಗಳಿಂದ ಶುರುಮಾಡುವುದು ಈ ವಿದ್ಯೆಯ ಪದ್ಧತಿ. ಬಲವನ್ನೂ ತಾಳಿಕೆಯನ್ನೂ ಕೂಡಿದರೆ ಬೆಲೆಯ ಎರಡರಷ್ಟರ ಮೇಲೆ ಒಂದು ಬರಬೇಕು ಎಂದು ಇಟ್ಟುಕೊಂಡೆ. 1 ಕಾಸಿನ ಎಲೆಗೆ 3 ಅಂಕ, 2 ಕಾಸಿನದಕ್ಕೆ 5. ಆ ಮೇಲಿನ ಒಂದು ಯಾಕೆಂದರೆ, ಎಲೆ ಆಡಿದಾಗ ಕಾಸಿನ ಜೊತೆಗೆ ಕೈಯಿಂದ ಒಂದು ಎಲೆಯೂ ಹೋಗುತ್ತದಲ್ಲ, ಅದರ ಬಾಬ್ತು. ಇದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಅಗ್ಗದ ಎಲೆಯನ್ನು ಯಾರೂ ಮುಟ್ಟುವುದಿಲ್ಲ. ಸೂತ್ರ ಹೀಗೆ:

```
=(C2+D2+E2-1)/2
```

C ಬಲ, D ತಾಳಿಕೆ. E ಎಂಬುದು ಚಮತ್ಕಾರದ ಅಂಕ. ‘ಇನ್ನೊಂದು ಎಲೆ ಎತ್ತಿಕೋ’ ಎಂಬುದಕ್ಕೆ ಎಷ್ಟು ಅಂಕ? ‘ಸತ್ತ ಎಲೆಯನ್ನು ಮರಳಿ ತಾ’ ಎನ್ನುವ ರಾಮದೇವರ ಬೆಟ್ಟದ ರಣಹದ್ದಿಗೆ ಎಷ್ಟು? ಮಿಕ್ಕ ಕಾಲಮ್ಮುಗಳಲ್ಲಿ ಗಣಿತ ಇದೆ, E ಕಾಲಮ್ಮಿನಲ್ಲಿ ಇರುವುದು ನನ್ನ ಊಹೆ ಮಾತ್ರ. ಆದರೂ ಸೂತ್ರದೊಳಗೆ ಹೊಕ್ಕ ಊಹೆಗೆ ದಶಮಾಂಶ ಬಂದುಬಿಡುತ್ತದೆ, ನೋಡಿದವರು ನಂಬುತ್ತಾರೆ. ನಾನೇ ನಂಬಿದೆ.

ಊಹೆ ಸರಿಯೇ ಎಂದು ತಿಳಿಯಲು ಆಡಬೇಕು. ಮನೆಯವರನ್ನೆಲ್ಲ ಕೂರಿಸಿ ಎರಡು ತಿಂಗಳಲ್ಲಿ 50 ಆಟ ಆಡಿಸಿದೆ. ಮಾಗಡಿ ಕಟ್ಟು 30 ಗೆದ್ದಿತ್ತು. ನೂರಕ್ಕೆ ಅರವತ್ತು! ಕೋಟೆ ಎಲೆಗಳ ಬೆಲೆಯನ್ನೆಲ್ಲ ತಿದ್ದಿದೆ. ಆಮೇಲೆ ಕೂತು ಲೆಕ್ಕ ಹಾಕಿದರೆ ನಾಚಿಕೆಯಾಯಿತು. ಆಟದ ಸಂಖ್ಯೆಯ ವರ್ಗಮೂಲದಿಂದ ಒಂದನ್ನು ಭಾಗಿಸಿದರೆ ಬರುವುದು, ಸುಮಾರಾಗಿ, ಕೇವಲ ಅದೃಷ್ಟ ಆಡುವ ಜಾಗ. 50 ಆಟಕ್ಕೆ ಅದು ನೂರಕ್ಕೆ 14. ಅಂದರೆ ಸರಿಸಮವಾದ ಎರಡು ಕಟ್ಟುಗಳ ನಡುವೆಯೂ 36ರಿಂದ 64ರವರೆಗೆ ಏನು ಬೇಕಾದರೂ ಬರಬಹುದಿತ್ತು. ರೇಷ್ಮೆ ಮಾರುಕಟ್ಟೆಯಲ್ಲಿ ಒಂದೇ ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಇಡೀ ಲಾಟಿಗೆ ಬೆಲೆ ಕೂಗುವ ರೀಲರು ಎಷ್ಟು ದಿನ ಬದುಕಿಯಾನು?

10,000 ಆಟವಾದರೆ ಅದೃಷ್ಟದ ಜಾಗ ನೂರಕ್ಕೆ ಒಂದಕ್ಕೆ ಇಳಿಯುತ್ತದೆ. ಅಷ್ಟು ಆಡಲು ಮನೆಯವರು ಒಪ್ಪಲಿಲ್ಲ. ಹಾಗಾಗಿ ಪೈಥಾನ್‌ನಲ್ಲಿ ಇಬ್ಬರು ಆಟಗಾರರನ್ನು ಬರೆದು ತಿಮ್ಮ, ಬೋರ ಎಂದು ಹೆಸರಿಟ್ಟೆ. ಇಬ್ಬರಿಗೂ ಒಂದೇ ಬುದ್ಧಿ: ಕಾಸಿಗೆ ಎಟಕುವ ಎಲೆಗಳಲ್ಲಿ ಅತಿ ದುಬಾರಿಯದನ್ನು ಆಡು, ಚಿಲ್ಲರೆ ಉಳಿದರೆ ಮತ್ತೊಂದು ಆಡು. ಮುನಿಸಿಲ್ಲ, ಕಾಫಿ ಕೇಳುವುದಿಲ್ಲ. ರೈಲು ರಾಮನಗರ ಬಿಟ್ಟು ಬಿಡದಿ ಮುಟ್ಟುವಷ್ಟರಲ್ಲಿ ಹತ್ತು ಸಾವಿರ ಆಟ ಮುಗಿಸಿ ಕೂತಿರುತ್ತಿದ್ದರು.

ಮೊದಲು ತಿಳಿದದ್ದು, ಮೊದಲು ಆಡಿದವನು ನೂರಕ್ಕೆ 56 ಸಲ ಗೆಲ್ಲುತ್ತಾನೆ ಎಂಬುದು. ಮಾವನಿಗೆ ಹೇಳಿದರೆ ನಕ್ಕರು. ‘ಅಂದರ್ ಬಾಹರ್‌ನಲ್ಲೂ ಮೊದಲ ಎಲೆ ಬಿದ್ದ ಕಡೆಗೇ ಒಂಚೂರು ಜಾಸ್ತಿ ಅಳಿಯಂದಿರೇ, ಗೊತ್ತಿಲ್ಲವಾ?’ ಲೆಕ್ಕ ಹಾಕಿದೆ. ನಿಜ, ಸುಮಾರು 51.5. ಅವರಿಗೆ ಅದು ಹೇಗೆ ಗೊತ್ತೆಂದು ಕೇಳುವ ಸಲುಗೆ ನನಗಿಲ್ಲ. ಹಳೆಯ ದಶಾವತಾರ ಗಂಜೀಫಾದಲ್ಲಿ ಹಗಲಾದರೆ ರಾಮನ ಎಲೆ ಇದ್ದವರು, ರಾತ್ರಿಯಾದರೆ ಕೃಷ್ಣನ ಎಲೆ ಇದ್ದವರು ಆಟ ಶುರುಮಾಡುವ ಸೊಗಸಾದ ಕಟ್ಟಳೆ ಇತ್ತು. ಯಾರು ಮೊದಲು ಎಂಬ ಜಗಳ ಅದರಿಂದ ತೀರುತ್ತದೆ, ಮೊದಲಿಗನ ಲಾಭ ತೀರುವುದಿಲ್ಲ. ನಾನು ಎರಡನೆಯವನಿಗೆ ಒಂದೇ ಸಲ ಬಳಸಬಹುದಾದ ಒಂದು ಹೆಚ್ಚುವರಿ ಕಾಸು ಕೊಟ್ಟೆ. 56 ಇದ್ದದ್ದು 52ಕ್ಕೆ ಇಳಿಯಿತು. ಆ ಕಾಸನ್ನು ಚನ್ನಪಟ್ಟಣದ ಗೆಳೆಯ ಆಲೆ ಮರದಲ್ಲಿ ಕಡೆದು, ಅರಗಿನ ಹಳದಿ ಬಳಿದು ಕೊಟ್ಟಿದ್ದಾನೆ. ಇಡೀ ಆಟದಲ್ಲಿ ಎಲ್ಲರೂ ಒಪ್ಪಿದ ವಸ್ತು ಅದೊಂದೇ.

ಇನ್ನು ಕೆಂಪೇಗೌಡರು. ಮಾಗಡಿ ಕಟ್ಟಿನ ದೊಡ್ಡ ಎಲೆ. ಬಲ 9, ತಾಳಿಕೆ 8, ಚಮತ್ಕಾರ ಇಲ್ಲ. ಸೂತ್ರದ ಪ್ರಕಾರ ಬೆಲೆ 8. ತಿಮ್ಮನ ಕಟ್ಟಿನಲ್ಲಿಟ್ಟು ಹತ್ತು ಸಾವಿರ ಆಟ ಆಡಿಸಿದೆ. ತಿಮ್ಮ ಕೆಂಪೇಗೌಡರನ್ನು ಆಡಿದ್ದು 2,000 ಆಟಗಳಲ್ಲಿ, ಅವುಗಳಲ್ಲಿ ಗೆದ್ದದ್ದು 1,480. ನೂರಕ್ಕೆ 74! ಎಲೆ ವಿಪರೀತ ಬಲವಾಯಿತು ಎಂದು ಬೆಲೆಯನ್ನು 9ಕ್ಕೆ ಏರಿಸಿದೆ. ಈ ಆಟದಲ್ಲಿ ಬೆಲೆ ಏರಿಸುವುದೆಂದರೆ ಎಲೆಯ ಕಾಲು ಮುರಿಯುವುದು. ಒಂದು ಸರದಿ ತಡವಾಗಿ ಬರುತ್ತದೆ. ಮಾವನಿಗೆ ಕಂಡದ್ದು ಬೇರೆ. ‘ಒಂಬತ್ತು! ಇಡೀ ಕಟ್ಟಿನಲ್ಲೇ ಹೆಚ್ಚಾ?’ ಎಂದು ಮೂರು ಸಲ ಕೇಳಿ, ಅಂದಿನಿಂದ ನನ್ನ ಆಟವನ್ನು ಜೂಜು ಎನ್ನುವುದು ಬಿಟ್ಟರು.

ಕೆಂಗೇರಿಯಲ್ಲಿ ಸಿಗ್ನಲ್‌ಗೆ ನಿಂತ ರೈಲಿನಲ್ಲಿ ತಪ್ಪು ಹೊಳೆಯಿತು. ನಮ್ಮ ಆಟ ಸರಾಸರಿ ಏಳನೆಯ ಸರದಿಗೇ ಮುಗಿಯುತ್ತದೆ. 8 ಕಾಸಿನ ಎಲೆ ಆಡಬೇಕಾದರೆ ಎಂಟನೆಯ ಸರದಿಯವರೆಗೆ ಜೀವ ಹಿಡಿದಿರಬೇಕು. ಅಲ್ಲಿಯವರೆಗೆ ತಡೆದು ನಿಂತವನು ಆಗಲೇ ಗೆಲುವಿನ ಹಾದಿಯಲ್ಲಿ ಇರುತ್ತಾನೆ. ಕೆಂಪೇಗೌಡರು ಬಂದದ್ದರಿಂದ ಗೆದ್ದನೋ, ಗೆಲ್ಲುವಂತಿದ್ದದ್ದರಿಂದ ಕೆಂಪೇಗೌಡರನ್ನು ಕರೆದನೋ? ಹಾಗಾದರೆ ಕೇಳಬೇಕಾದದ್ದು ಎಲೆ ಆಡಿದಾಗ ಏನಾಯಿತು ಎಂದಲ್ಲ, ಎಲೆ ಕೈಗೆ ಬಂದಾಗ ಏನಾಯಿತು ಎಂದು.

ಮತ್ತೆ ಎಣಿಸಿದೆ. ಏಳು ಸರದಿಗೆ 20ರಲ್ಲಿ 11 ಎಲೆ ಕೈಗೆ ಬರುತ್ತವೆ; ಹಾಗೆ ಕೆಂಪೇಗೌಡರು ಬಂದದ್ದು 5,500 ಆಟಗಳಲ್ಲಿ. ಆಡಿದ್ದು 2,000. ಮಿಕ್ಕ 3,500 ಆಟಗಳಲ್ಲಿ ಆ ಎಲೆ ಕೈಯಲ್ಲೇ ಕೊಳೆಯಿತು, ಅವುಗಳಲ್ಲಿ ತಿಮ್ಮ ಗೆದ್ದದ್ದು ಬರೀ 1,050. ಎರಡನ್ನೂ ಕೂಡಿದರೆ 5,500ಕ್ಕೆ 2,530. ನೂರಕ್ಕೆ 46. ಎಲೆ ಕೈಗೆ ಬಾರದ ಆಟಗಳಲ್ಲೋ, 55! ಇದರಲ್ಲೂ ಉದ್ದದ ಆಟ, ಗಿಡ್ಡ ಆಟ ಎಂಬ ಕಲಬೆರಕೆ ಸ್ವಲ್ಪ ಇರುತ್ತದೆಂದು, ಆ ಎಲೆಯ ಜಾಗದಲ್ಲಿ 3 ಕಾಸಿನ ಬೋಳು ಎಲೆ ಇಟ್ಟು, ಕಲೆಸುವಿಕೆ ಒಂದಿಷ್ಟೂ ಬದಲಾಗದಂತೆ ಅವವೇ ಹತ್ತು ಸಾವಿರ ಆಟಗಳನ್ನು ಮತ್ತೆ ಆಡಿಸಿದೆ. ತಿಮ್ಮನ ಗೆಲುವು ನೂರಕ್ಕೆ 50 ಇದ್ದದ್ದು 53 ಆಯಿತು. ಅನುಮಾನ ಉಳಿಯಲಿಲ್ಲ. ಕೆಂಪೇಗೌಡರು ಮೊದಲೇ ದುರ್ಬಲ. ನಾನು ಹೋಗಿ ಇನ್ನಷ್ಟು ದುರ್ಬಲ ಮಾಡಿದ್ದೆ. 6 ಕಾಸಿಗೆ ಇಳಿಸಿದರೆ ಲೆಕ್ಕ ಸರಿಹೋಗುತ್ತಿತ್ತು.

ಭಾನುವಾರ ಮಾಗಡಿಗೆ ಹೋಗಿ ವಿಷಯ ಹೇಳಿದೆ. ಅವರೆಕಾಳು ಸಾರಿನ ಮುಂದೆ ಕೂತಿದ್ದ ಮಾವ ಕೈ ತೊಳೆದೇಬಿಟ್ಟರು.

‘ಕೆಂಪೇಗೌಡರ ಬೆಲೆ ಇಳಿಸ್ತೀರಾ? ಅದೂ ಮಾಗಡೀಲಿ ಕೂತ್ಕೊಂಡು?’

‘ಇಳಿಸಿದ್ರೆ ಶಕ್ತಿ ಜಾಸ್ತಿ ಆಗ್ತದೆ ಮಾವ.’

‘ಆರು ಕಾಸಿಗಾ? ಕನಕಪುರದ ಬಂಡೆಗೆ ಎಷ್ಟು ಇಟ್ಟಿದ್ದೀರಿ?’

‘ಏಳು.’

ಮಾತು ಅಲ್ಲಿಗೆ ನಿಂತಿತು. ಹೆಂಡತಿ ಅಡುಗೆಮನೆಯಿಂದ ಕಣ್ಣಲ್ಲೇ ‘ಏರಿಸಿ’ ಎಂದಳು.

ನಾವು ಜಗಳದಲ್ಲಿದ್ದಾಗ ಮಗಳು ಒಳಗೆ ಅಜ್ಜಿಯನ್ನು ಎರಡನೆಯ ಸಲ ಸೋಲಿಸಿದ್ದಳು, ಕೆಲವೇ ಸರದಿಯಲ್ಲಿ. ಹೋಗಿ ನೋಡಿದೆ. ಚನ್ನಪಟ್ಟಣದ ಬುಗುರಿ: ಬಲ 1, ತಾಳಿಕೆ 1, ಆಡಿದರೆ ಕಟ್ಟಿನಿಂದ ಇನ್ನೊಂದು ಗೊಂಬೆ ಎತ್ತಿಕೊಳ್ಳಬಹುದು, ಅದಕ್ಕೆ 1 ಅಂಕ, ಬೆಲೆ 1. ಸೂತ್ರಕ್ಕೆ ಸರಿಯಾಗಿದೆ. ಲೇತ್ ಎಂಬ 3 ಕಾಸಿನ ಎಲೆ ಗೊಂಬೆಗಳ ಬೆಲೆಯನ್ನು ಒಂದು ಕಾಸು ಇಳಿಸುತ್ತದೆ. ಅದೂ ಸರಿಯಾಗಿದೆ. ಎರಡೂ ಸೇರಿದರೆ ಬುಗುರಿ ಬಿಟ್ಟಿ, ಒಂದು ಬುಗುರಿ ಇನ್ನೊಂದನ್ನು ಎಳೆದು ತರುತ್ತದೆ, ಮೂರನೆಯ ಸರದಿಯಲ್ಲೇ ಒಂಬತ್ತು ಗೊಂಬೆ ನೆಲದ ಮೇಲೆ. ‘ಒಂಬತ್ತು ಬುಗುರಿ ಇಟ್ಕೋಬಾರ್ದು ಅಂತ ನೀನು ಎಲ್ಲೂ ಬರೆದಿಲ್ವಲ್ಲ ಅಪ್ಪ?’ ಬರೆದಿರಲಿಲ್ಲ. ತಿಮ್ಮ, ಬೋರರಿಗೆ ಕಟ್ಟು ಜೋಡಿಸಿ ಕೊಟ್ಟವನು ನಾನೇ, ಎರಡೇ ಬುಗುರಿ ಹಾಕಿದ್ದೆ. ಅವರು ಲಕ್ಷ ಆಟ ಆಡಿದರೂ ಇದು ಕಾಣುತ್ತಿರಲಿಲ್ಲ. ಸ್ಪ್ರೆಡ್‌ಶೀಟಂತೂ ಒಂದೊಂದು ಸಾಲಿನಲ್ಲಿ ಒಂದೊಂದು ಎಲೆಯನ್ನು ಬೇರೆ ಬೇರೆ ಕೂರಿಸಿತ್ತು. ಅವರವರೊಳಗೆ ಏನು ಒಪ್ಪಂದ ನಡೆದಿದೆ ಎಂದು ಅದಕ್ಕೆ ತಿಳಿಯುವುದಾದರೂ ಹೇಗೆ?

ಲೇತಿನ ಸಾಲಿಗೆ `=MAX(1,B2-1)` ಎಂದು ಸೇರಿಸಿದೆ: ಯಾವ ಗೊಂಬೆಯೂ 1 ಕಾಸಿಗಿಂತ ಕೆಳಗೆ ಇಳಿಯಕೂಡದು. ಚನ್ನಪಟ್ಟಣದ ಗೆಳೆಯನಿಗೆ ಫೋನಿನಲ್ಲಿ ಹೇಳಿದರೆ, ‘ಸರಿ ಮಾಡ್ದೆ ಬಿಡು, ಗೊಂಬೆ ಬಿಟ್ಟಿ ಕೊಟ್ರೆ ನಾವೇನು ತಿನ್ನೋದು?’ ಎಂದ.

ಕೆಂಪೇಗೌಡರ ವಿಷಯಕ್ಕೆ ರಾಜಿಯಾಯಿತು. ಬೆಲೆ 8ಕ್ಕೇ ನಿಲ್ಲಲಿ. ಬದಲಿಗೆ, ಬೆಂಗಳೂರಿನಲ್ಲಿ ಅವರ ಹೆಸರಿನ ನಾಲ್ಕು ಗಡಿ ಗೋಪುರಗಳಿವೆಯಲ್ಲ, ಹಾಗೆ ಅವರು ಬಂದ ಕೂಡಲೇ ಜೊತೆಗೆ ನಾಲ್ಕು ಗೋಪುರಗಳೂ ನೆಲಕ್ಕೆ ಇಳಿಯಲಿ. ತಿಮ್ಮ, ಬೋರ ರಾತ್ರಿಯೆಲ್ಲ ಆಡಿದರು. ಕೈಗೆ ಬಂದಾಗಿನ ಗೆಲುವು ನೂರಕ್ಕೆ 50ರ ಆಸುಪಾಸಿಗೆ ಬಂತು. ಹೊಸ ಎಲೆ ಅಚ್ಚು ಹಾಕಿಸಿಕೊಂಡು ಹೋಗಿ ಮಾವನ ಜೊತೆ ಕೂತೆ. ಎರಡನೆಯ ಸರದಿಗೇ ಕೆಂಪೇಗೌಡರು ಅವರ ಕೈ ಸೇರಿದ್ದಾರೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ಎಂಟನೆಯ ಸರದಿ ಬಂತು. ಎಂಟು ಕಾಸು ಮುಂದಿತ್ತು. ಮಾವ ಆಡಿದ್ದು ಒಂದು ಸಣ್ಣ ಕಾವಲುಗಾರನನ್ನು. ಒಂಬತ್ತಕ್ಕೂ ಅಷ್ಟೆ. ಹತ್ತಕ್ಕೆ ಸೋತರು.

‘ಯಾಕೆ ಮಾವ, ಆಡಬಹುದಿತ್ತಲ್ಲ?’

ಎಲೆಯನ್ನು ಜೇಬಿಗೆ ಹಾಕಿಕೊಳ್ಳುತ್ತಾ ಹೇಳಿದರು: ‘ಇಂಥಾ ಸಣ್ಣ ಜಗಳಕ್ಕೆಲ್ಲ ಅವರನ್ನ ಕರೀಬಾರದು.’

ವಾಪಸು ಬರುವ ಬಸ್ಸಿನಲ್ಲಿ ಸ್ಪ್ರೆಡ್‌ಶೀಟ್ ತೆರೆದು, ಕೈಗೆ ಬಂದೂ ಆಡದ 3,500ರ ಕೋಶವನ್ನು 3,501 ಎಂದು ತಿದ್ದಿದೆ.