ಗೊಂಬೆಯ ಮೈಮೇಲಿನ ಸ್ಟಾಕು

ಮೇ ಕೊನೆಯ ವಾರ ಬಂತೆಂದರೆ ಶಾಲೆಯ ಪುಸ್ತಕ, ಯೂನಿಫಾರ್ಮ್ ಮಾರುವ ಭಾವನ ಅಂಗಡಿಗೆ ನಾನು ಕರೆಯದೇ ಹೋಗಿ ಸ್ಟಾಕ್ ಎಣಿಸುತ್ತೇನೆ. ನನಗದು ಹಬ್ಬ. ಭಾವನ ಮುಖ ನೋಡಿದರೆ ಅವರಿಗೆ ಹಾಗೆ ಅನ್ನಿಸುವುದಿಲ್ಲ.

ಪುಸ್ತಕದ ಗೋಡೆ ಬೇಗ ಮುಗಿಯಿತು. ‘ಹತ್ತನೇ ಕ್ಲಾಸಿನ ಕನ್ನಡ’ ಎಂದಷ್ಟೇ ಬರೆದುಕೊಳ್ಳಬಾರದು, ಅಷ್ಟು ನೆನಪಿದ್ದರೆ ಸಾಕು. ಪ್ರಥಮ ಭಾಷೆಯವರದು ‘ಸಿರಿ ಕನ್ನಡ’, ದ್ವಿತೀಯ ಭಾಷೆಯವರದು ‘ತಿಳಿ ಕನ್ನಡ’. ಬಟ್ಟೆಯ ಕಡೆಯಂತೂ ಕ್ಲಾಸನ್ನು ನಂಬಲೇಬಾರದು. ನಾಲ್ಕನೇ ಕ್ಲಾಸಿನ ಒಂದೇ ಬೆಂಚಿನಲ್ಲಿ 26, 28, 30 ಮೂವರೂ ಕೂತಿರುತ್ತಾರೆ. ಹಾಗಾಗಿ ಮೊದಲು ಶಾಲೆ, ಆಮೇಲೆ ಉಡುಪು, ಆಮೇಲೆ ಸೈಜು.

ನೀಲಿ ಪಿನಾಫೋರ್, 28. ಲೆಕ್ಕದ ಪುಸ್ತಕದಲ್ಲಿ 12, ರ‍್ಯಾಕಿನಲ್ಲಿ 11.

“ಇನ್ನೊಂದು ಗೊಂಬೆ ಮೈಮೇಲಿದೆ, ಬರ್ಕೋ” ಎಂದರು ಭಾವ. ಕಣ್ಣಾರೆ ಸೈಜಿನ ಚೀಟಿ ನೋಡದೆ ಬರೆದುಕೊಳ್ಳುವ ಜಾತಿಯಲ್ಲ ನಾನು. ಗಾಜಿನ ಶೋಕೇಸಿನೊಳಗೆ ತೂರಿದೆ. ಜಿಪ್ಪು ಬೆನ್ನಿಗೆ, ಬೆನ್ನು ಗೋಡೆಗೆ. ತಬ್ಬಿಕೊಳ್ಳದೆ ಕೈ ತಲುಪದು. ತಬ್ಬಿದೆ. ಗೊಂಬೆಯ ಎಡಗೈ ಕಳಚಿ ನನ್ನ ಜೇಬಿಗೆ ಇಳಿಯಿತು. ಕೈ ಹಿಡಿಯಲು ಹೋದರೆ ತಲೆ ನನ್ನ ಹೆಗಲಿಗೆ ಒರಗಿತು. ಹೊರಗೆ ರಸ್ತೆಯಲ್ಲಿ ಹೂ ಮಾರುವಾಕೆ ಮೊಳ ಹಾಕುವುದನ್ನೇ ನಿಲ್ಲಿಸಿದ್ದಳು. ಅವಳ ಗಿರಾಕಿ ನಮ್ಮ ಬೀದಿಯವರೇ; ನಾನು ಗಾಜಿನೊಳಗಿನಿಂದಲೇ ನಮಸ್ಕಾರ ಮಾಡಿದೆ, ಗೊಂಬೆಯ ಕೈಯಿಂದ.

ಕೊನೆಗೂ ಕಳಚಿದೆ. ಚೀಟಿಯಲ್ಲಿ 28 ಇತ್ತು. ಆದರೆ ಕೆಳಗಿನ ಮಡಿಕೆ ಬಿಡಿಸಿದರೆ ಒಳಗೆ ಕಡುನೀಲಿ, ಹೊರಗೆ ಒಗೆದೊಗೆದು ಸೋತಂಥ ನೀಲಿ. ವರ್ಷವಿಡೀ ಬಿಸಿಲು ಕುಡಿದ ಬಟ್ಟೆ. “ಇದು ಸ್ಟಾಕಲ್ಲ ಭಾವ, 11 ಅಂತಲೇ ಬರೀತೀನಿ” ಎಂದೆ, ವಿಜಯಿಯಂತೆ.

ಅಷ್ಟರಲ್ಲಿ ಒಬ್ಬರು ಮಗಳನ್ನು ಕರೆತಂದರು. ಅಳತೆ 28 ಬಂತು. ಅವರು 32 ಕೇಳಿದರು: “ಮೂರು ವರ್ಷ ಬರಬೇಕು ಸ್ವಾಮಿ.” 32 ತೊಡಿಸಿದರೆ ಹುಡುಗಿಯ ಭುಜವೇ ಕಾಣಲಿಲ್ಲ. ಬೆಲೆ ಕೇಳಿ ಆತ ಅಂಗಿಯ ಜೇಬು ಮುಟ್ಟಿಕೊಂಡರು. ನನ್ನ ತಮಾಷೆ ಅಲ್ಲೇ ಇಳಿಯಿತು. ಹಿಂದಿನ ಶೆಲ್ಫಿನಲ್ಲಿ ಒಂದು ಶಾಲೆಯ ಚೆಕ್ಸ್ ಅಂಗಿಗಳು ರಾಶಿ ಬಿದ್ದಿವೆ. ಚೌಕ ಸ್ವಲ್ಪ ದೊಡ್ಡದಾಗಲಿ ಎಂದು ಆಡಳಿತ ಮಂಡಳಿಗೆ ಅನ್ನಿಸಿದ್ದೇ ತಡ, ಹೊಸ ಬಟ್ಟೆಗಳೆಲ್ಲ ಸತ್ತವು. ಅಣ್ಣನ ಅಂಗಿ ತಮ್ಮನಿಗೆ ಆಗುವುದನ್ನು ತಪ್ಪಿಸಲೆಂದೇ ಇವರು ಸಭೆ ಸೇರುತ್ತಾರೋ ಏನೋ.

ಭಾವ ಗೊಂಬೆಯ ಪಿನಾಫೋರನ್ನು ಅರ್ಧ ಬೆಲೆಗೆ ಕೊಟ್ಟರು. ನಾನು ತಡೆಯಲಾರದೆ ಎಚ್ಚರಿಸಿದೆ: “ಮುಂದಿನ ವರ್ಷ ಮಡಿಕೆ ಬಿಚ್ಚಿ ಉದ್ದ ಮಾಡಿದರೆ ಕಡುನೀಲಿ ಪಟ್ಟಿ ಕಾಣುತ್ತೆ.”

“ಬಿಡಿ ಸಾರ್, ಅಷ್ಟೊತ್ತಿಗೆ ಸ್ಕೂಲಿನವರು ಬಣ್ಣಾನೇ ಬದಲಾಯಿಸಿರ್ತಾರೆ” ಎಂದರು ಆತ, ನೋಟು ಎಣಿಸುತ್ತಾ.