ರಜಾ ಚೀಟಿಯ ಹೇತುವಿಚಾರ

ಬೆಟ್ಟದಲ್ಲಿ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ಸಾಧಿಸುವುದಕ್ಕೆ ನೈಯಾಯಿಕರು ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನವೆಂಬ ಐದು ಅವಯವಗಳ ವಾಕ್ಯವನ್ನು ವಿಧಿಸಿದರಷ್ಟೆ. ಆ ಐದನ್ನೂ ಗೆರೆಯೆಳೆದ ಅರ್ಧ ಹಾಳೆಯ ಮೇಲೆ, ನ್ಯಾಯಶಾಸ್ತ್ರದ ಹೆಸರನ್ನೇ ಕೇಳರಿಯದ ಏಳನೆಯ ತರಗತಿಯ ಬಾಲಕನೊಬ್ಬನು ಹೇಗೆ ನಿರ್ವಹಿಸಿದ್ದಾನೆಂಬುದನ್ನು ಪರಿಶೀಲಿಸುವುದೇ ಪ್ರಕೃತ ಪ್ರಬಂಧದ ಉದ್ದೇಶವು.

ಮೂಲಪಾಠವು ಇಂತಿದೆ: ‘ಮುಖ್ಯೋಪಾಧ್ಯಾಯರ ಸನ್ನಿಧಾನಕ್ಕೆ, ತಮ್ಮ ವಿಧೇಯ ವಿದ್ಯಾರ್ಥಿಯು ಮಾಡುವ ವಿಜ್ಞಾಪನೆಗಳು. ನಮ್ಮ ಮನೆಯ ಗೌರಿ ಎಂಬ ಹಸುವು ನಾನು ಎದುರಿಗೆ ನಿಲ್ಲದಿದ್ದರೆ ಹಾಲು ಇಳಿಸುವುದಿಲ್ಲವಾದ ಕಾರಣ, ನಾಳೆ ಒಂದು ದಿನ ರಜೆ ದಯಪಾಲಿಸಬೇಕು. ಹೋದ ವರ್ಷ ನಾನು ಸೋದರಮಾವನ ಮನೆಗೆ ಹೋಗಿದ್ದಾಗಲೂ ಹೀಗೆಯೇ ಆಗಿ, ಮನೆಯವರೆಲ್ಲ ಕರೀ ಕಾಫಿ ಕುಡಿದರು. ಈಗಲೂ ಅದು ಹಾಗೆಯೇ ಮುಖ ತಿರುಗಿಸುತ್ತಿದೆ. ಆದ್ದರಿಂದ ರಜೆ ಬೇಕೇ ಬೇಕು.’

ರಜೆ ಬೇಕೆಂಬುದು ಪ್ರತಿಜ್ಞೆ. ಹಸುವಿನ ಹಟವು ಹೇತು. ಸೋದರಮಾವನ ಮನೆಯ ಪ್ರಯಾಣವು ಉದಾಹರಣೆ. ಮುಖ ತಿರುಗಿಸುವಿಕೆಯು ಉಪನಯ. ಕಡೆಯ ವಾಕ್ಯವು ನಿಗಮನ. ಜ್ವರವೆಂಬ ರೂಢಿಯ ಹೇತುವನ್ನು ಬಾಲಕನು ಕೈಬಿಟ್ಟದ್ದೂ ವಿವೇಕವೇ. ಏಕೆಂದರೆ ಜ್ವರವನ್ನು ಹಣೆಯ ಮೇಲೆ ಕೈಯಿಟ್ಟು ಪರೀಕ್ಷಿಸಬಹುದು, ಹಸುವಿನ ಅಂತರಂಗವನ್ನು ಪರೀಕ್ಷಿಸುವ ಉಪಾಧ್ಯಾಯರು ಯಾವ ಶಾಲೆಯಲ್ಲಿಯೂ ನೇಮಕವಾಗಿಲ್ಲ.

ಆದರೂ ಹೇತುವು ನಿರ್ದುಷ್ಟವಲ್ಲ. ಹಾಲು ಕರೆಯುವುದು ಬೆಳಗಿನ ಜಾವದಲ್ಲಿ ಮತ್ತು ಸಂಜೆಯಲ್ಲಿ. ಶಾಲೆ ನಡೆಯುವುದು ಅವೆರಡರ ನಡುವೆ. ಹೋದ ವರ್ಷದಿಂದ ಹಟ ಹಿಡಿದಿರುವ ಹಸುವನ್ನು ಕಟ್ಟಿಕೊಂಡೇ ಈತನು ನಿನ್ನೆ ಮೊನ್ನೆ ಶಾಲೆಗೆ ಬಂದಿದ್ದಾನೆ. ಸಾಧ್ಯವು ಇಲ್ಲದ ಕಡೆಯಲ್ಲಿಯೂ ಕಾಣಿಸಿಕೊಳ್ಳುವ ಇಂತಹ ಹೇತುವನ್ನು ಶಾಸ್ತ್ರಕಾರರು ಸವ್ಯಭಿಚಾರವೆಂದು ಕರೆದು ಹೇತ್ವಾಭಾಸಗಳ ಸಾಲಿಗೆ ತಳ್ಳಿದ್ದಾರೆ. ಈ ಆಕ್ಷೇಪವನ್ನು ಮೊದಲೇ ಊಹಿಸಿದ ಬಾಲಕನು ಹಾಳೆಯ ಅಂಚಿನಲ್ಲಿ, ‘ಹಗಲೆಲ್ಲ ಅದರ ಮನಸ್ಸನ್ನು ಒಲಿಸಿಕೊಳ್ಳಬೇಕಾಗಿದೆ’ ಎಂದು ಸಣ್ಣಕ್ಷರಗಳಲ್ಲಿ ಸೇರಿಸಿದ್ದಾನೆ. ತಂದೆಯ ಸಹಿಯ ಮಸಿಯೂ ಈ ಸೇರ್ಪಡೆಯ ಮಸಿಯೂ ಒಂದೇ ನೇರಳೆಯ ಛಾಯೆಯದ್ದೆಂಬುದನ್ನೂ, ಮರುದಿನವೇ ಊರಿನಲ್ಲಿ ರಥೋತ್ಸವವಿತ್ತೆಂಬುದನ್ನೂ ಪಾಠಸಂಶೋಧಕನು ದಾಖಲಿಸದೆ ವಿಧಿಯಿಲ್ಲ.

ಮುಖ್ಯೋಪಾಧ್ಯಾಯರು ಈ ದೋಷಗಳನ್ನೆಲ್ಲ ಕಂಡಿದ್ದರೋ ಇಲ್ಲವೋ, ಕೆಂಪು ಮಸಿಯಲ್ಲಿ ಬರೆದ ತೀರ್ಪಂತೂ ಸ್ಪಷ್ಟವಾಗಿದೆ: ‘ರಜೆ ಮಂಜೂರು. ಹಗಲೆಲ್ಲ ಗೌರಿಯ ಸನ್ನಿಧಿಯಲ್ಲಿಯೇ ಕುಳಿತು, “ಹಸು” ಎಂಬ ವಿಷಯವಾಗಿ ನಾಲ್ಕು ಪುಟಗಳ ಪ್ರಬಂಧವನ್ನು ಬರೆದು ನಾಡಿದ್ದು ಒಪ್ಪಿಸತಕ್ಕದ್ದು.’

ಜ್ವರವೆಂದು ಬರೆದಿದ್ದರೆ ಈ ನಾಲ್ಕು ಪುಟಗಳು ತಪ್ಪುತ್ತಿದ್ದವು. ಆದಕಾರಣ ರಜೆಯನ್ನಪೇಕ್ಷಿಸುವ ಬಾಲಕರು, ಪ್ರಬಂಧಕ್ಕೆ ವಿಷಯವಾಗಬಲ್ಲ ಯಾವ ಪ್ರಾಣಿಯನ್ನೂ ಹೇತುವಿನೊಳಗೆ ಕಟ್ಟದಿರುವುದು ಕ್ಷೇಮ.