ಪಾಲಿಶ್ ರಾಯರು

ಹತ್ತು ಜನಕ್ಕಿಂತ ಹೆಚ್ಚು ಕೆಲಸಗಾರರಿರುವ ಯಾವ ಕಂಪನಿಗಾದರೂ ಹೋಗಿ ನೋಡಿ, ಅಲ್ಲೊಬ್ಬ ಪಾಲಿಶ್ ರಾಯರು ಇದ್ದೇ ಇರುತ್ತಾರೆ. ಹೆಸರು ಬೇರೆ ಇರಬಹುದು, ಹುದ್ದೆಯೂ ಬೇರೆ ಇರಬಹುದು. ಕೆಲಸ ಮಾತ್ರ ಒಂದೇ: ಮನುಷ್ಯರು ತಮ್ಮ ಬಗ್ಗೆ ತಾವೇ ಬರೆದುಕೊಟ್ಟದ್ದನ್ನು ಉಜ್ಜಿ ಉಜ್ಜಿ, ಬರೆದವರಿಗೇ ಗುರುತು ಸಿಗದ ಹಾಗೆ ಮಾಡುವುದು.

ನಮ್ಮ ಪೀಣ್ಯದ ಕಾರ್ಖಾನೆಯ ರಾಯರು ಸಿಬ್ಬಂದಿ ವಿಭಾಗ ನೋಡಿಕೊಳ್ಳುತ್ತಾರೆ. ಕುತ್ತಿಗೆಯ ಗುರುತಿನ ಚೀಟಿಯನ್ನು ಮದುವೆ ಊಟಕ್ಕೆ ಕೂತಾಗಲೂ ತೆಗೆಯುವುದಿಲ್ಲ. ಅವರಿಗೆ ಇರುವ ಏಕೈಕ ಶತ್ರು ‘ನಾನು’. “ನಾನು ಅಂದ್ರೆ ಯಾರೋ ಒಬ್ಬ ಮನುಷ್ಯ ಮಾತಾಡಿದ ಹಾಗಾಗುತ್ತೆ ಕಣ್ರೀ, ಕಂಪನಿ ಮಾತಾಡಿದ ಹಾಗಿರ್ಬೇಕು” ಎನ್ನುತ್ತಾರೆ. ಲಾರಿ ತಡವಾದರೆ ಡ್ರೈವರಿಗೆ ಫೋನ್ ಮಾಡಿ ಬಯ್ಯುವ ನಮ್ಮ ಡಿಸ್‌ಪ್ಯಾಚ್ ಹುಡುಗಿ ಅವರ ಕೈಯಲ್ಲಿ ‘ಸರಬರಾಜು ಸಂವಹನ ತಜ್ಞೆ’ ಆಗಿದ್ದಾಳೆ. ಅವಳ ಮನೆಯವರು ಇದನ್ನು ಓದಿ, ಸಂಬಳವೂ ಹೆಚ್ಚಿರಬೇಕು ಎಂದು ಅಪಾರ್ಥ ಮಾಡಿಕೊಂಡಿದ್ದಾರೆ.

ಕಂಪನಿಯ ವೆಬ್‌ಸೈಟಿನಲ್ಲಿ ಕನ್ನಡದ ಪುಟವೂ ಇರಲಿ, ಜಿಲ್ಲೆಗಳ ಐಟಿಐ ಹುಡುಗರು ನೋಡಿ ಕೆಲಸಕ್ಕೆ ಬರಲಿ ಎಂದು ಮಾಲೀಕರು ಹೇಳಿದಾಗ ರಾಯರ ಸುಗ್ಗಿ ಶುರುವಾಯಿತು. ಎಲ್ಲರೂ ಅರ್ಧ ಪುಟದಲ್ಲಿ ತಮ್ಮ ಪರಿಚಯ ಬರೆದುಕೊಡಬೇಕು. ಯಂತ್ರಶಾಲೆಯ ಮುಖ್ಯಸ್ಥರು, ನಾವೆಲ್ಲ ಮೇಸ್ತ್ರಿ ಎಂದೇ ಕರೆಯುವವರು, ಡ್ರಾಯಿಂಗ್ ಹಾಳೆಯ ಹಿಂಬದಿಯಲ್ಲಿ ಬರೆದುಕೊಟ್ಟದ್ದು ಹೀಗಿತ್ತು:

“ನಮ್ಮೂರು ತುಮಕೂರು ಹತ್ರ. ಐಟಿಐ ಟರ್ನರ್ ಮಾಡಿ 2004ರಲ್ಲಿ ಇಲ್ಲಿಗೆ ಬಂದೆ. ಆಗ ಎರಡೇ ಲೇತು, ಒಂದು ಕೆಟ್ಟು ಕೂತ ಡ್ರಿಲ್ಲಿಂಗ್ ಮಷೀನು. ಈಗ ಒಂಬತ್ತು ಸಿಎನ್‌ಸಿ ಇವೆ, ಎಲ್ಲಾ ನಾನೇ ನೋಡ್ಕೋತೀನಿ. ರಿಜೆಕ್ಷನ್ ಬಂದ್ರೆ ಎಲ್ರೂ ನನ್ನನ್ನೇ ಕರೀತಾರೆ. ಮಷೀನ್ ಸದ್ದು ಕೇಳಿದ್ರೆ ಟೂಲ್ ಸವೆದಿದ್ಯೋ ಇಲ್ವೋ ಗೊತ್ತಾಗುತ್ತೆ. ಹುಡುಗರಿಗೆ ಬಯ್ತೀನಿ, ಆದ್ರೆ ಕೆಲಸ ಕಲಿಸ್ತೀನಿ. ಭಾನುವಾರ ಊರಿಗೆ ಹೋಗಿ ತೆಂಗಿಗೆ ನೀರು ಬಿಡ್ತೀನಿ.”

ಮೇಸ್ತ್ರಿ ಇದರಲ್ಲಿ ಒಂದು ಸುಳ್ಳೂ ಹೇಳಿಲ್ಲ. ರಾಯರು ಎರಡು ದಿನ ಬಾಗಿಲು ಹಾಕಿಕೊಂಡು ಕೂತು ಹೊರತಂದದ್ದು ಇದು:

“ದೂರದೃಷ್ಟಿಯ ತಾಂತ್ರಿಕ ನಾಯಕರಾದ ಶ್ರೀಯುತರು ನಿಖರ ಉತ್ಪಾದನಾ ಕ್ಷೇತ್ರದಲ್ಲಿ ಎರಡು ದಶಕಗಳಿಗೂ ಮಿಗಿಲಾದ ಅಪಾರ ಅನುಭವವನ್ನು ಹೊಂದಿದ್ದು, ಶ್ರವಣಾಧಾರಿತ ದೋಷಪತ್ತೆ ವ್ಯವಸ್ಥೆಯನ್ನು ಯಶಸ್ವಿಯಾಗಿ ಅಳವಡಿಸಿರುತ್ತಾರೆ. ನೇರ ಸಂವಹನದ ಮೂಲಕ ಯುವ ಪ್ರತಿಭೆಗಳ ಸಬಲೀಕರಣದಲ್ಲಿ ತೊಡಗಿಸಿಕೊಂಡಿರುವ ಇವರು ಬಿಡುವಿನ ವೇಳೆಯಲ್ಲಿ ಸುಸ್ಥಿರ ಜಲ ನಿರ್ವಹಣೆಯ ಬಗ್ಗೆಯೂ ಅದಮ್ಯ ಆಸಕ್ತಿಯನ್ನು ಹೊಂದಿರುತ್ತಾರೆ.”

ಮೇಸ್ತ್ರಿ ಪೂರ್ತಿ ಓದಿದರು. “ಯಾರ್ ಸಾರ್ ಇವ್ರು, ಹೊಸದಾಗಿ ಸೇರಿದ್ರಾ?” ಎಂದು ಕೇಳಿ ಮಷೀನ್ ಕಡೆ ಹೋದರು. ಪುಟ ಹಾಗೇ ವೆಬ್‌ಸೈಟಿಗೆ ಏರಿತು.

ಮುಂದಿನ ತಿಂಗಳು ಗ್ರಾಹಕ ಕಂಪನಿಯ ಆಡಿಟರ್ ಬಂದರು. ಮಂಡ್ಯದವರು, ಕನ್ನಡದ ಪುಟವನ್ನು ಓದಿಕೊಂಡೇ ಬಂದಿದ್ದರು. ಆಡಿಟ್ ಎಂದ ಮೇಲೆ ಅಳತೆಯ ಸಾಧನಗಳ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಕೇಳುವುದು ಪದ್ಧತಿ. ವರ್ನಿಯರಿನದು ತೋರಿಸಿದೆವು, ಮೈಕ್ರೋಮೀಟರಿನದು ತೋರಿಸಿದೆವು. ಅವರು ಪಟ್ಟಿಯಿಂದ ತಲೆ ಎತ್ತಿ, “ಆ ಶ್ರವಣಾಧಾರಿತ ವ್ಯವಸ್ಥೆ ಎಲ್ಲಿದೆ? ಯಾವ ಕಂಪನಿಯದು? ಅದರ ಸರ್ಟಿಫಿಕೇಟು?” ಎಂದರು. ಯಂತ್ರಶಾಲೆ ನಿಶ್ಶಬ್ದವಾಯಿತು. ಮೇಸ್ತ್ರಿ ತಮ್ಮ ಬಲಗಿವಿ ಮುಟ್ಟಿ ತೋರಿಸಿ, “ಇದೇ ಸಾರ್. ತುಮಕೂರಿನದು” ಎಂದರು. ಆಡಿಟರ್ ನಕ್ಕರು, ಆದರೂ ವರದಿಯಲ್ಲಿ ಒಂದು ಸಾಲು ಬರೆದೇ ಹೋದರು.

ಆಮೇಲೆ ಆ ಪುಟ ತಿದ್ದುವ ಕೆಲಸ ಲೆಕ್ಕಪತ್ರ ನೋಡುವ ನನ್ನ ತಲೆಗೆ ಬಂತು. ಲೆಕ್ಕದವನಾದ್ದರಿಂದ ರಾಯರ ಬರಹದ ಮೇಲೆ ಖರ್ಚಿನ ಬಿಲ್ ನೋಡುವ ಕಣ್ಣಿನಲ್ಲೇ ಕೂತೆ: ಪ್ರತಿ ಸಾಲಿಗೂ ಆಧಾರ ಏನಿದೆ? ‘ದೂರದೃಷ್ಟಿ’ಗೆ ವೋಚರ್ ಇಲ್ಲ, ಹೊಡೆದು ಹಾಕಿದೆ. ‘ಎರಡು ದಶಕ’ ವರ್ಷ ಕಳೆದಂತೆ ಹಳತಾಗುತ್ತದೆ, ಅದನ್ನು ತಿದ್ದುವವರು ಯಾರೂ ಇರುವುದಿಲ್ಲ. ಆದ್ದರಿಂದ ಮೇಸ್ತ್ರಿಯೇ ಬರೆದಿದ್ದ 2004ನ್ನು ವಾಪಸ್ ತಂದೆ. ‘ಹೊಂದಿದ್ದು, ಹೊಂದಿರುತ್ತಾರೆ’ಗಳನ್ನು ಕಿತ್ತರೆ ವಾಕ್ಯದ ತುದಿಯಲ್ಲಿ ನಿಜವಾದ ಕ್ರಿಯಾಪದಕ್ಕೆ ಜಾಗ ಆಗುತ್ತದೆ: ಸೇರಿದರು, ನೋಡಿಕೊಳ್ಳುತ್ತಾರೆ, ಕಲಿಸುತ್ತಾರೆ.

ಕಷ್ಟ ಇದ್ದದ್ದು ಬೇರೆ ಕಡೆ. ‘ನಾನು’ ತೆಗೆದು ‘ಅವರು’ ಹಾಕಿದರೆ ಸಾಕು ಎಂದು ರಾಯರು ನಂಬಿದ್ದಾರೆ. ಆದರೆ ಮಾತನಾಡುವವರು ಬದಲಾದಾಗ ಮಾತಿನ ತೂಕವೂ ಬದಲಾಗುತ್ತದೆ. “ಹುಡುಗರಿಗೆ ಬಯ್ತೀನಿ” ಎಂದು ಮೇಸ್ತ್ರಿ ತಾವೇ ಹೇಳಿಕೊಂಡರೆ ತಮಾಷೆ, “ಅವರು ಹುಡುಗರಿಗೆ ಬಯ್ಯುತ್ತಾರೆ” ಎಂದು ಕಂಪನಿ ಬರೆದರೆ ದೂರು. “ಎಲ್ರೂ ನನ್ನನ್ನೇ ಕರೀತಾರೆ” ಎಂಬುದು ಅವರ ಬಾಯಲ್ಲಿ ಗೊಣಗಾಟ, ಕಂಪನಿಯ ಬಾಯಲ್ಲಿ ಜಂಬ. ಹಾಗಾಗಿ ಬಯ್ಗುಳವನ್ನು ಬಿಟ್ಟು ಕಲಿಸುವುದನ್ನು ಇಟ್ಟುಕೊಂಡೆ, ಗೊಣಗಾಟವನ್ನು ಹೊಣೆಯಾಗಿ ಬರೆದೆ. ಸದ್ದಿನ ಮಾತು ಬಿಡಲು ಮನಸ್ಸಾಗಲಿಲ್ಲ, ಇಡೀ ಹಾಳೆಯಲ್ಲಿ ಬೇರೆ ಯಾರೂ ಬರೆಯಲಾಗದ ಸಾಲು ಅದೊಂದೇ. ಮೇಸ್ತ್ರಿಯನ್ನೇ ಕೇಳಿದೆ. “ಸವೆದ್ರೆ ಸದ್ದು ಒರಟಾಗುತ್ತೆ, ಚಿಪ್ಪಿನ ಬಣ್ಣವೂ ಬದಲಾಗುತ್ತೆ. ಆದ್ರೆ ಕಿವಿ ನಂಬ್ಕೊಂಡು ಪೀಸ್ ಪಾಸ್ ಮಾಡ್ತೀನಾ? ಅಳೆದೇ ನೋಡ್ಬೇಕು” ಎಂದರು. ರಾಯರು ಎರಡು ದಿನ ಬಾಗಿಲು ಹಾಕಿಕೊಂಡಿದ್ದರಲ್ಲ, ಆ ಬಾಗಿಲು ತೆರೆದು ಹತ್ತು ಹೆಜ್ಜೆ ನಡೆದಿದ್ದರೆ ಈ ಮಾತು ಅವರಿಗೂ ಸಿಗುತ್ತಿತ್ತು.

ಕೊನೆಗೆ ನಿಂತದ್ದು ಇದು. ಹೆಸರೊಂದನ್ನು ಇಲ್ಲಿ ಬಿಟ್ಟಿದ್ದೇನೆ:

“ಇವರು ನಮ್ಮ ಯಂತ್ರಶಾಲೆಯ ಮುಖ್ಯಸ್ಥರು. ಐಟಿಐನಲ್ಲಿ ಟರ್ನರ್ ತರಬೇತಿ ಪಡೆದು 2004ರಲ್ಲಿ ಕಂಪನಿ ಸೇರಿದರು. ಆಗ ಇಲ್ಲಿ ಎರಡು ಲೇತ್‌ಗಳಿದ್ದವು; ಇಂದು ಒಂಬತ್ತು ಸಿಎನ್‌ಸಿ ಯಂತ್ರಗಳನ್ನು ಅವರು ನೋಡಿಕೊಳ್ಳುತ್ತಾರೆ. ಯಾವುದೇ ಭಾಗ ತಿರಸ್ಕೃತವಾದರೆ ಕಾರಣ ಹುಡುಕುವ ಹೊಣೆ ಅವರದು. ಟೂಲ್ ಸವೆಯುತ್ತಿರುವುದನ್ನು ಯಂತ್ರದ ಸದ್ದಿನಲ್ಲೇ ಗುರುತಿಸಿ, ಮೈಕ್ರೋಮೀಟರಿನಲ್ಲಿ ಅಳೆದು ಖಚಿತಪಡಿಸಿಕೊಳ್ಳುತ್ತಾರೆ. ಹೊಸ ಅಪ್ರೆಂಟಿಸ್‌ಗಳಿಗೆ ಮೊದಲು ಕೆಲಸ ಕಲಿಸುವವರೂ ಅವರೇ. ಭಾನುವಾರ ತುಮಕೂರಿನ ಬಳಿಯ ತಮ್ಮ ತೆಂಗಿನ ತೋಟದಲ್ಲಿರುತ್ತಾರೆ.”

ರಾಯರು ಇದನ್ನು ಓದಿ ಮುಖ ಸಣ್ಣದು ಮಾಡಿಕೊಂಡರು. “ಎಲ್ಲಾ ಸರಿ, ಪಾಲಿಶ್ ಎಲ್ಲಿದೆ?” ಎಂದರು. ಒಂದೇ ಒಂದು ‘ಅಪಾರ’ವನ್ನಾದರೂ ಉಳಿಸಿಕೊಡಿ ಎಂದು ಬೇಡಿಕೊಂಡರು. ತೆಂಗಿನ ತೋಟದ ಹಿಂದೆ ಹಾಕಬಹುದು ಎಂದು ಜಾಗವನ್ನೂ ಸೂಚಿಸಿದರು. ಇರುವುದು ಮೂವತ್ತು ಮರ ಎಂದು ಮೇಸ್ತ್ರಿ ಒಪ್ಪಲಿಲ್ಲ.

ರಾಯರ ಸ್ವಂತ ಪರಿಚಯ ಮಾತ್ರ ಮೊದಲಿನಂತೆಯೇ ಇದೆ. ಎರಡು ಪರದೆಯುದ್ದ, ಆರು ‘ಅಪಾರ’. ಅವರು ಕಂಪನಿಯಲ್ಲಿ ಏನು ಮಾಡುತ್ತಾರೆ ಎಂಬುದು ಅದರಲ್ಲಿ ಎಲ್ಲೂ ಇಲ್ಲ. ಅದನ್ನು ತಿದ್ದಲು ನಮಗೆ ಅಧಿಕಾರವೂ ಇಲ್ಲ.

ನಿಮ್ಮ ಕಂಪನಿಯ ರಾಯರು ನಿಮ್ಮ ಪರಿಚಯವನ್ನು ತಿದ್ದಿ ಕೈಗೆ ಕೊಟ್ಟಾಗ, ಸಂಕೋಚಪಟ್ಟು ಹಾಗೇ ಸಹಿ ಹಾಕಿ ಕಳಿಸಬೇಡಿ. ಆಡಿಟರ್ ಬಂದು ಸರ್ಟಿಫಿಕೇಟ್ ಕೇಳಬಹುದಾದ ಸಾಲು ಯಾವುದು ಎಂದು ಮೊದಲು ಹುಡುಕಿ, ಅದನ್ನು ಹೊಡೆದು ಹಾಕಿಸಿ.